ಪುಣೆಗೆ ಕಳಿಸಬೇಕಾದ 'ಮಾಲು ತಡ ಆಗುತ್ತದೆ' ಮೇಲ್ ಒಂದು ಪುಟ ಆಗಿದೆ, ಯಾರಾದ್ರೂ ಕತ್ತರಿ ಹಾಕಿ ಕೊಡಿ

ಉದ್ಯಮಬಾಗ್_ಹುಡುಗ · ಬೆಳಗಾವಿ · ಮಂಗಳವಾರ ಬೆಳಿಗ್ಗೆ 10:40

ನಮ್ಮದು ಸಣ್ಣ ಫೌಂಡ್ರಿ. ಅಪ್ಪ ಶುರು ಮಾಡಿದ್ದು, ಈಗ ಆಫೀಸ್ ಕೆಲಸ ನಾನು ನೋಡುತ್ತೇನೆ. ಪುಣೆಯ ಒಂದು ಪಾರ್ಟಿಗೆ ಜುಲೈ 10, ಶುಕ್ರವಾರ, 500 ಪಂಪ್ ಹೌಸಿಂಗ್ ತಲುಪಬೇಕು. ಅದರಲ್ಲಿ 180 ರಿಜೆಕ್ಟ್ ಆಗಿವೆ. ಮತ್ತೆ ಎರಕ ಹೊಯ್ಯಬೇಕು. ಇದನ್ನು ಅಲ್ಲಿನ ಪರ್ಚೇಸ್ ಮ್ಯಾನೇಜರ್‌ಗೆ ಇವತ್ತೇ ತಿಳಿಸಬೇಕು. ರಾತ್ರಿ ಕೂತು ಬರೆದೆ, ಬೆಳಿಗ್ಗೆ ಓದಿದರೆ ನನಗೇ ಸುಸ್ತಾಯಿತು. ಇಂಗ್ಲಿಷಿನಲ್ಲಿ ಬರೆದದ್ದು, ಇಲ್ಲಿ ಕನ್ನಡ ಮಾಡಿ ಹಾಕಿದ್ದೇನೆ. ಕೋರ್ ಅಂದ್ರೆ ಎರಕದ ಒಳಗೆ ಟೊಳ್ಳು ಬರಲಿ ಅಂತ ಅಚ್ಚಿನಲ್ಲಿ ಇಡುವ ಮರಳಿನ ತುಂಡು, ಬ್ಲೋ ಹೋಲ್ ಅಂದ್ರೆ ಎರಕದಲ್ಲಿ ಗಾಳಿ ಸಿಕ್ಕಿ ಆಗುವ ತೂತು.

> ವಿಷಯ: ವಿಳಂಬಕ್ಕಾಗಿ ಕ್ಷಮೆ
>
> ಮಾನ್ಯ ಸರ್, ತಾವು ಆರೋಗ್ಯವಾಗಿದ್ದೀರಿ ಎಂದು ಭಾವಿಸುತ್ತೇನೆ. ತಮ್ಮ ಕಂಪನಿ ಜೊತೆ ನಮ್ಮದು ಒಂಬತ್ತು ವರ್ಷದ ಸಂಬಂಧ. ಇಲ್ಲಿಯವರೆಗೆ ನಾವು ಟೈಮ್ ತಪ್ಪಿಸಿದವರಲ್ಲ ಎಂಬುದು ತಮಗೆ ಗೊತ್ತೇ ಇದೆ. ಆದರೂ ಈ ಸಲ ಬಹಳ ಬೇಸರದಿಂದ ಈ ಮೇಲ್ ಬರೆಯಬೇಕಾಗಿದೆ. ಹೋದ ವಾರದಿಂದ ಬೆಳಗಾವಿಯಲ್ಲಿ ಒಂದೇ ಸಮನೆ ಮಳೆ. ಶೆಡ್ ಒಳಗೂ ತೇವ ಇದೆ. ಅದರಲ್ಲಿ ನಮ್ಮ ಕೋರ್ ಓವನ್‌ನ ಥರ್ಮೋಸ್ಟ್ಯಾಟ್ ಕೆಟ್ಟಿತ್ತು, ಮೊದಲು ಯಾರಿಗೂ ಗೊತ್ತಾಗಲಿಲ್ಲ. ಓವನ್ ನೋಡಿಕೊಳ್ಳುವ ಹುಡುಗ ಮಗಳ ತೊಟ್ಟಿಲು ಕಾರ್ಯಕ್ಕೆ ಗೋಕಾಕಿಗೆ ಹೋಗಿದ್ದ, ಬೇರೆಯವರಿಗೆ ಅದರ ಅಂದಾಜು ಸಿಗಲಿಲ್ಲ. ಎರಡು ಸಲ ಕರೆಂಟ್ ಕೂಡ ಹೋಯಿತು. ಹೀಗಾಗಿ ಕೋರ್ ಹಸಿ ಉಳಿದು ಎರಕದಲ್ಲಿ ಬ್ಲೋ ಹೋಲ್ ಬಂದವು. ಮಷಿನಿಂಗ್ ಮಾಡುವಾಗ ಕಂಡವು. ಇದೇ ಹೊತ್ತಿಗೆ ನಮ್ಮ ತಂದೆಯವರಿಗೆ ಬಿಪಿ ಜಾಸ್ತಿ ಆಗಿ ಎರಡು ದಿನ ಆಸ್ಪತ್ರೆ ಓಡಾಟ ಆಯಿತು. ಇವೆಲ್ಲ ನಮ್ಮ ಕೈ ಮೀರಿದ್ದು ಎಂದು ತಾವು ಅರ್ಥ ಮಾಡಿಕೊಳ್ಳುತ್ತೀರಿ ಎಂಬ ನಂಬಿಕೆ ಇದೆ. ಆದ್ದರಿಂದ 500ರಲ್ಲಿ 180 ಸ್ವಲ್ಪ ತಡ ಆಗಬಹುದು. ಆದಷ್ಟು ಬೇಗ ಕಳಿಸುತ್ತೇವೆ. ಮತ್ತೊಮ್ಮೆ ಕ್ಷಮೆ ಇರಲಿ, ದಯವಿಟ್ಟು ಸಹಕರಿಸಿ.

ಯಾವುದನ್ನು ತೆಗೆಯಲಿ? ಒಂದೂ ಸುಳ್ಳಲ್ಲ. ಎಲ್ಲಾ ನಿಜವಾಗಿ ಆದದ್ದೇ.

---

ಕರದಂಟು_ಪ್ರಿಯೆ · ಗೋಕಾಕ

ನಮ್ಮೂರಲ್ಲೇ ತೊಟ್ಟಿಲು ಆಯ್ತು, ನಮಗೆ ಮಾತ್ರ ಸುದ್ದಿ ಇಲ್ಲ. ಪುಣೆಯವರಿಗೆ ಹೋಗ್ತಿದೆ 😄

---

ಬಿಡಿಭಾಗ_ಸಂಗಣ್ಣ · ಬಾಗಲಕೋಟೆ

ಎಲ್ಲಾ ತೆಗೆಯಿರಿ. ಕಾರಣವನ್ನೇ ಹೇಳಬಾರದು. ನಾನು ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಇಟ್ಟವನು, ದಿನಾ ಕಂಪನಿಯವರ ನೆವ ಕೇಳಿ ಕೇಳಿ ಸಾಕಾಗಿದೆ. ನನಗೆ ಬೇಕಾದ್ದು ಒಂದೇ, ಮಾಲು ಯಾವತ್ತು ಬರುತ್ತೆ. 'ಸಾರಿ, 180 ತಡ, ಇಂಥ ತಾರೀಖಿಗೆ ಕಳಿಸ್ತೀವಿ.' ಮುಗೀತು.

---

ಶಾಂತಾ_ವಿಜಯಪುರ

ರಜೆ ಅರ್ಜಿ ತಾನೇ? ನಾನು ಶಾಲೆಗೆ ಯಾವಾಗಲೂ 'ಮನೆ ಕೆಲಸದ ನಿಮಿತ್ತ' ಅಂತ ಮೂರೇ ಶಬ್ದ ಬರೆಯೋದು. ಹೆಚ್ಚಿಗೆ ಬರೆದರೆ ಹೆಡ್ ಮೇಡಂ ಹೆಚ್ಚಿಗೆ ಕೇಳ್ತಾರೆ. ತಂದೆಯವರ ಬಿಪಿ ಈಗ ಹೇಗಿದೆ?

---

ಉದ್ಯಮಬಾಗ್_ಹುಡುಗ

ಅಕ್ಕಾ, ರಜೆ ಅಲ್ಲ, ಮಾಲು ತಡ ಆಗೋ ವಿಷಯ. ಅಪ್ಪ ಈಗ ಆರಾಮ, ಬೆಳಿಗ್ಗೆಯಿಂದ ಫೌಂಡ್ರಿಯಲ್ಲಿ ಎಲ್ಲರಿಗೂ ಬೈತಿದ್ದಾರೆ.

---

ತಿಳಕವಾಡಿ_ಕಾಕಾ · ಬೆಳಗಾವಿ

ತಮ್ಮಾ, ನಾನು ಪುಣೆ ಕಡೆ 22 ವರ್ಷ ಪರ್ಚೇಸ್‌ನಲ್ಲೇ ಇದ್ದವನು. ಇಂಥ ಮೇಲ್ ಸಾವಿರ ಓದಿದ್ದೇನೆ. ಓದಿದ್ದೇನೆ ಅನ್ನೋದು ಸುಳ್ಳು, ತೆರೆದಿದ್ದೇನೆ. ಬೆಳಿಗ್ಗೆ ಶಾಪ್ ಫ್ಲೋರ್‌ನಲ್ಲಿ ನಡೀತಾ ಫೋನಿನಲ್ಲಿ ನೋಡುವಾಗ ಕಾಣೋದು ಕಳಿಸಿದವರ ಹೆಸರು, ವಿಷಯ, ಮೊದಲ ಸಾಲಿನ ಅರ್ಧ. ನಿನ್ನ ಮೇಲ್‌ನಲ್ಲಿ ಅಲ್ಲಿ ಕಾಣೋದು 'ವಿಳಂಬಕ್ಕಾಗಿ ಕ್ಷಮೆ, ತಾವು ಆರೋಗ್ಯವಾಗಿದ್ದೀರಿ ಎಂದು.' ಯಾವ ಮಾಲು, ಎಷ್ಟು, ಯಾವತ್ತು? ಅದು ಸಿಗಬೇಕಾದರೆ ಮಳೆಯಲ್ಲಿ ನೆನೆದು, ಗೋಕಾಕಿಗೆ ಹೋಗಿ, ಆಸ್ಪತ್ರೆಗೂ ಹೋಗಿ ಬರಬೇಕು. ಬಂದ ಮೇಲೂ ಸಿಗೋದು 'ಸ್ವಲ್ಪ ತಡ', 'ಆದಷ್ಟು ಬೇಗ'. ಒಂದು ಪುಟ ಬರೆದೆ, ತಾರೀಖು ಒಂದೂ ಇಲ್ಲ ನೋಡು.

ಸಂಗಣ್ಣ ಹೇಳಿದ್ದು ಅರ್ಧ ಸರಿ. ಅವರ ಅಂಗಡಿಯಲ್ಲಿ ಬಿಡಿಭಾಗ ಇಲ್ಲ ಅಂದ್ರೆ ಗಿರಾಕಿ ನಾಳೆ ಬರುತ್ತಾನೆ. ಇಲ್ಲಿ ಹಾಗಲ್ಲ. ನೀನು ಕಾರಣ ಹೇಳಲೇ ಇಲ್ಲ ಅಂದ್ರೆ ಅವನಿಗೆ ಬರೋ ಮೊದಲ ಅನುಮಾನ, ಇವರು ನಮ್ಮ ಮಾಲು ಬಿಟ್ಟು ಬೇರೆಯವರದ್ದು ಮೊದಲು ಮಾಡಿದ್ರಾ? ಎರಡನೆಯದು, ಮುಂದಿನ ತಿಂಗಳೂ ಹೀಗೇನಾ? ಇದಕ್ಕೆ ಉತ್ತರ ಆಗುವಷ್ಟು ಕಾರಣ ಬೇಕು. ಒಂದು ಸಾಲು.

ಕತ್ತರಿಸೋಕೆ ನಾನು ಜೂನಿಯರ್ ಹುಡುಗರಿಗೆ ಹೇಳ್ತಿದ್ದದ್ದು ಇಷ್ಟೇ. ಪ್ರತಿ ಸಾಲಿನ ಮೇಲೆ ಬೆರಳಿಟ್ಟು ಕೇಳು: ಈ ಸಾಲು ಇಲ್ಲದಿದ್ದರೆ ಓದುವವನು ಮಾಡೋ ಕೆಲಸ ಬದಲಾಗುತ್ತಾ? ಅವನ ಕೆಲಸ ಏನು? ಶೀಟಿನಲ್ಲಿ ಸಂಖ್ಯೆ ಮತ್ತು ತಾರೀಖು ಬದಲಿಸೋದು, ಪ್ರೊಡಕ್ಷನ್‌ನವರಿಗೆ ಹೇಳೋದು, ಕ್ವಾಲಿಟಿಯವರಿಗೆ ಹೇಳೋದು. ಮಳೆ ಅಂತ ಬರೆದರೆ ಈ ಮೂರರಲ್ಲಿ ಯಾವುದೂ ಬದಲಾಗಲ್ಲ. ಕರೆಂಟ್, ಅದೂ ಇಲ್ಲ. ಥರ್ಮೋಸ್ಟ್ಯಾಟ್, ಬದಲಾಗುತ್ತೆ, ಯಾಕಂದ್ರೆ ಅದು ರಿಪೇರಿ ಆಯ್ತೋ ಇಲ್ಲವೋ ಅನ್ನೋದರ ಮೇಲೆ ಮುಂದಿನ 180ರ ನಂಬಿಕೆ ನಿಂತಿದೆ.

---

ಕರದಂಟು_ಪ್ರಿಯೆ · ಗೋಕಾಕ

ಕಾಕಾ, ತೊಟ್ಟಿಲು?

---

ತಿಳಕವಾಡಿ_ಕಾಕಾ

ಅದೇ ಎಲ್ಲಕ್ಕಿಂತ ಅಪಾಯದ ಸಾಲು! ಹುಡುಗ ಅದನ್ನು ಮರುಕ ಬರಲಿ ಅಂತ ಬರೆದಿದ್ದಾನೆ. ನಾನಾಗಿದ್ದರೆ ಓದೋದು ಹೀಗೆ: ಈ ಫೌಂಡ್ರಿಯಲ್ಲಿ ಓವನ್ ಗೊತ್ತಿರೋದು ಒಬ್ಬನಿಗೆ ಮಾತ್ರ, ಅವನು ರಜೆ ಹಾಕಿದರೆ ನನ್ನ ಲೈನ್ ನಿಲ್ಲುತ್ತೆ. ಕರೆಂಟ್ ಸಾಲಿನಿಂದ ನನಗೆ ಗೊತ್ತಾಗೋದು, ಇವರ ಹತ್ತಿರ ಸರಿಯಾದ ಜನರೇಟರ್ ಇಲ್ಲ. 'ಮೊದಲು ಯಾರಿಗೂ ಗೊತ್ತಾಗಲಿಲ್ಲ' ಅಂದ್ರೆ ಕೋರ್ ಚೆಕ್ ಮಾಡೋ ಪದ್ಧತಿಯೇ ಇಲ್ಲ. ತಂದೆಯವರ ಬಿಪಿ ಅಂದ್ರೆ ಮಾಲೀಕರು ಮಲಗಿದರೆ ಫ್ಯಾಕ್ಟರಿಯೂ ಮಲಗುತ್ತೆ. ಒಂದು ತಪ್ಪಿಗೆ ಐದು ನೆವ ಕೊಟ್ಟು ನಾಲ್ಕು ಹೊಸ ಅನುಮಾನ ತಾನೇ ಕೈಗೆ ಕೊಟ್ಟ ಹಾಗಾಯ್ತು.

---

ಮುಗಳಖೋಡ_ಮಾಸ್ತರ

ಹಾಗಂತ ಒಣ ಒಣ ಬರೆಯೋದಾ? ಒಂಬತ್ತು ವರ್ಷದ ಸಂಬಂಧ ಅಂತ ಹುಡುಗ ಹೇಳ್ತಿದ್ದಾನೆ. ನಾಲ್ಕು ಸಾಲಿನ ಮೇಲ್ ಹೋದರೆ ಸೊಕ್ಕು ಅಂದುಕೊಳ್ಳಲ್ವಾ? ನಮ್ಮ ಕಡೆ ಬಂದವರಿಗೆ ಮೊದಲು ನೀರು ಕೊಟ್ಟು ಆಮೇಲೆ ಮಾತು.

---

ಬಿಡಿಭಾಗ_ಸಂಗಣ್ಣ · ಬಾಗಲಕೋಟೆ

ಮಾಸ್ತರ, ಮನೆಗೆ ಬಂದವರಿಗೆ ನೀರು. ಓಡ್ತಿರೋ ಬಸ್ಸು ಹತ್ತೋನಿಗೆ ನೀರು ಕೊಡಲು ಹೋದ್ರೆ ಬಸ್ಸೇ ತಪ್ಪುತ್ತೆ.

---

ಥೀಸಿಸ್_ಇನ್ನೂ_ಮುಗಿದಿಲ್ಲ · ಬಾಗಲಕೋಟೆ

ನನ್ನ ಕಥೆ ಹೇಳ್ತೀನಿ. ಹೋದ ವರ್ಷ ಗೈಡ್‌ಗೆ ಎರಡನೇ ಅಧ್ಯಾಯ ತಡ ಆಗುತ್ತೆ ಅಂತ ಬರೆದೆ. ಲ್ಯಾಪ್‌ಟಾಪ್ ಕೈಕೊಟ್ಟದ್ದು, ಬಾಡಿಗೆ ಮನೆ ನವನಗರಕ್ಕೆ ಬದಲಿಸಿದ್ದು, ಡೇಟಾ ಹೋಗಿ ಮತ್ತೆ ಟೈಪ್ ಮಾಡಿದ್ದು, ಎಲ್ಲಾ ಸೇರಿ ಐದು ಪ್ಯಾರಾ. ಬರೆಯುವಾಗ ಕಣ್ಣಲ್ಲಿ ನೀರು ಕೂಡ ಬಂತು. ಸರ್ ಉತ್ತರ ಏನು ಗೊತ್ತಾ? 'ಹಾಗಾದರೆ ಯಾವತ್ತು?' ಅಷ್ಟೇ.

ಆಮೇಲೆ ನನಗೊಂದು ಅಭ್ಯಾಸ ಆಗಿದೆ. ಮೇಲ್ ಬರೆದು ಮುಗಿಸಿ, ಓದಿದವರು ತಿರುಗಿ ಕೇಳೋ ಮೊದಲ ಪ್ರಶ್ನೆ ಏನು ಅಂತ ಯೋಚಿಸ್ತೀನಿ. ಅದರ ಉತ್ತರವನ್ನು ಎತ್ತಿ ಮೊದಲ ಸಾಲಿಗೆ ಇಡ್ತೀನಿ. ಉಳಿದದ್ದು ತಾನಾಗೇ ಚಿಕ್ಕದಾಗುತ್ತೆ, ಯಾಕೋ ಗೊತ್ತಿಲ್ಲ.

(ಎರಡನೇ ಅಧ್ಯಾಯ ಇನ್ನೂ ಹೋಗಿಲ್ಲ, ಅದು ಬೇರೆ ವಿಷಯ.)

---

ಉದ್ಯಮಬಾಗ್_ಹುಡುಗ

ಸರಿ, ಒಂದು ಸಲ ಕತ್ತರಿಸಿದೆ:

> ಸರ್, ಪಿಒ 1187ರ 500 ಪಂಪ್ ಹೌಸಿಂಗ್‌ನಲ್ಲಿ 320 ಜುಲೈ 10ಕ್ಕೆ ತಲುಪುತ್ತವೆ. ಕೋರ್ ಓವನ್‌ನ ಥರ್ಮೋಸ್ಟ್ಯಾಟ್ ಕೆಟ್ಟು ಬ್ಲೋ ಹೋಲ್ ಬಂದಿದ್ದರಿಂದ 180 ಮತ್ತೆ ಹೊಯ್ಯಬೇಕಾಗಿದೆ. ಅವು ಜುಲೈ 14ಕ್ಕೆ ತಲುಪುತ್ತವೆ. ತಡಕ್ಕೆ ಕ್ಷಮಿಸಿ. ದಯವಿಟ್ಟು ಸಹಕರಿಸಿ.

ಸಾಕಾ?

---

ಬಿಡಿಭಾಗ_ಸಂಗಣ್ಣ · ಬಾಗಲಕೋಟೆ

ಫಸ್ಟ್ ಕ್ಲಾಸ್. ಕಳಿಸಿ ಚಹಾ ಕುಡಿಯಿರಿ.

---

ತಿಳಕವಾಡಿ_ಕಾಕಾ

ಚಹಾ ಆಮೇಲೆ. ಚಿಕ್ಕದಾಗಿದೆ, ಒಳ್ಳೇದು. ಆದರೆ ಚಿಕ್ಕದು ಮಾಡೋದು ಅಂದ್ರೆ ಬರೀ ತೆಗೆಯೋದಲ್ಲ. ನಿನ್ನ ಉದ್ದ ಮೇಲ್‌ನಲ್ಲೂ ಇಲ್ಲದ, ಇದರಲ್ಲೂ ಇಲ್ಲದ ಒಂದು ಸಾಲು ಇದೆ. ಪುಣೆಯವನು ಬ್ಲೋ ಹೋಲ್ ಅನ್ನೋ ಶಬ್ದ ಓದಿದ ಕ್ಷಣ 180ರ ಬಗ್ಗೆ ಯೋಚಿಸಲ್ಲ. ಅವು ಅವನ ಗೇಟಿಗೆ ಬರೋದೇ ಇಲ್ಲವಲ್ಲ. ಅವನ ತಲೆ ಓಡೋದು 320ರ ಕಡೆ. ಅವುಗಳಲ್ಲೂ ಒಳಗೆ ತೂತು ಇದ್ದರೆ? ಮೇಲೆ ಇರೋದು ಮಷಿನಿಂಗ್‌ನಲ್ಲಿ ಕಾಣುತ್ತೆ. ಗೋಡೆಯ ಒಳಗೆ ಇರೋದು ಕಾಣಲ್ಲ. ಪಂಪ್ ಜೋಡಿಸಿ ಪ್ರೆಶರ್ ಕೊಟ್ಟಾಗ ಸೋರುತ್ತೆ.

ಅದಕ್ಕೇ ಮೂರು ಪ್ರಶ್ನೆ, ಉತ್ತರ ಕೊಡು. ಒಂದು, ಆ 320 ಯಾವ ಕೋರ್‌ನಿಂದ ಹೊಯ್ದದ್ದು, ಲೀಕ್ ಟೆಸ್ಟ್ ಆಗಿದೆಯಾ? ಎರಡು, ಅವರ ಲೈನ್‌ನಲ್ಲಿ ದಿನಕ್ಕೆ ಎಷ್ಟು ಬೇಕಾಗುತ್ತೆ? ಮೂರು, 14 ಅನ್ನೋದು ಲೆಕ್ಕ ಹಾಕಿ ಬರೆದದ್ದಾ, ಭಯಕ್ಕೆ ಬರೆದದ್ದಾ?

---

ಉದ್ಯಮಬಾಗ್_ಹುಡುಗ

1) 320 ಎಲ್ಲಾ ಥರ್ಮೋಸ್ಟ್ಯಾಟ್ ಕೆಡುವ ಮೊದಲಿನ ಕೋರ್‌ನವು. ಓವನ್ ರಿಜಿಸ್ಟರ್ ನೋಡಿ ಹೇಳ್ತಿದ್ದೇನೆ. ಲೀಕ್ ಟೆಸ್ಟ್ 240 ಆಗಿದೆ, 80 ಬಾಕಿ. ನಾಳೆ ಬುಧವಾರ ರಾತ್ರಿಗೆ ಮುಗಿಯುತ್ತೆ.

2) ದಿನಕ್ಕೆ 40 ಅಂತ ಅವರ ಸ್ಟೋರ್‌ನವರು ಒಮ್ಮೆ ಹೇಳಿದ್ದರು.

3) ಭಯಕ್ಕೆ 😐 ಹೊಸ ಥರ್ಮೋಸ್ಟ್ಯಾಟ್ ನಿನ್ನೆ ಹಾಕಿದ್ದೇವೆ. ಕೋರ್ ಒಣಗಿಸಿ, ಎರಕ ಹೊಯ್ದು, ಆರಿಸಿ, ಫೆಟ್ಲಿಂಗ್, ಮಷಿನಿಂಗ್, ಟೆಸ್ಟ್, ಎಲ್ಲಾ ಒಂದು ಗಂಟೆಯೂ ತಪ್ಪದೆ ಆದರೆ 13 ರಾತ್ರಿ ಲಾರಿ ಹೊರಡುತ್ತೆ, 14 ಬೆಳಿಗ್ಗೆ ಪುಣೆ. ನಿಜ ಹೇಳಬೇಕಂದ್ರೆ 15 ರಾತ್ರಿ ಹೊರಡುವುದು ಗ್ಯಾರಂಟಿ.

---

ತಿಳಕವಾಡಿ_ಕಾಕಾ

ಈಗ ಲೆಕ್ಕ ನೋಡು. 320 ಅಂದ್ರೆ ದಿನಕ್ಕೆ 40ರಂತೆ ಎಂಟು ದಿನದ ಮಾಲು. ಶುಕ್ರವಾರ ತಲುಪಿ ಶನಿವಾರ 11ರಿಂದ ಲೈನಿಗೆ ಹೋದರೆ, ನಡುವೆ ಎರಡು ಭಾನುವಾರ ಬಿಟ್ಟು, 20ನೇ ತಾರೀಖು ಸೋಮವಾರದ ತನಕ ಬರುತ್ತೆ. ನೀನು 16ಕ್ಕೆ ಬೆಳಿಗ್ಗೆ 180 ಇಳಿಸಿದರೂ ಅವನ ಲೈನ್ ಒಂದು ನಿಮಿಷ ನಿಲ್ಲಲ್ಲ. ನೀನು ರಾತ್ರಿಯೆಲ್ಲಾ ಕೂತು ಒಂದು ಪುಟ ಕ್ಷಮೆ ಕೇಳಿದ್ದು ಬಹುಶಃ ಅವನಿಗೆ ತೊಂದರೆಯೇ ಆಗದ ವಿಷಯಕ್ಕೆ!

ಹಾಗಾಗಿ 16 ಅಂತ ಬರಿ. 14 ಬರೆದು 16ಕ್ಕೆ ಹೋದರೆ ಎರಡನೇ ಮೇಲ್ ಬರೆಯಬೇಕು. ಮೊದಲ ಮೇಲ್ ಕ್ಷಮಿಸುತ್ತಾರೆ, ಎರಡನೆಯದಕ್ಕೆ ಬೇರೆ ಫೌಂಡ್ರಿ ಹುಡುಕುತ್ತಾರೆ. ನಾನೂ ಹಾಗೇ ಮಾಡ್ತಿದ್ದೆ.

---

ಬಿಡಿಭಾಗ_ಸಂಗಣ್ಣ · ಬಾಗಲಕೋಟೆ

ಹಾಗಿದ್ರೆ 'ನಿಮ್ಮ ಲೈನ್ ನಿಲ್ಲಲ್ಲ, ಚಿಂತೆ ಬೇಡ' ಅಂತ ದಪ್ಪಗೆ ಬರೆದುಬಿಡಿ. ಅದಕ್ಕಿಂತ ಒಳ್ಳೆ ಸಾಲು ಯಾವುದಿದೆ?

---

ಲಿಂಗರಾಜ_ಪ್ಲಾನಿಂಗ್ · ಬೆಳಗಾವಿ

ಬೇಡ ಬೇಡ. ನಾನು ಒಂದು ಕಂಪನಿಯ ಪ್ಲಾನಿಂಗ್‌ನಲ್ಲಿದ್ದೇನೆ. ಸಪ್ಲೈಯರ್ ನಮಗೆ 'ನಿಮ್ಮ ಲೈನ್ ನಿಲ್ಲಲ್ಲ' ಅಂದ್ರೆ ಮೈ ಉರಿಯುತ್ತೆ. ದಿನಕ್ಕೆ 40 ಅನ್ನೋದು ಹಳೇ ಲೆಕ್ಕ ಇರಬಹುದು. ಈ ವಾರ ಎರಡು ಶಿಫ್ಟ್ ಓಡಿಸ್ತಿದ್ದರೆ 80. ಆಗ 320 ನಾಲ್ಕೇ ದಿನ, 15ಕ್ಕೇ ಖಾಲಿ. ಅವರ ಒಳಗಿನ ಲೆಕ್ಕ ನಿಮಗೆ ಗೊತ್ತಿಲ್ಲ. ಸಂಖ್ಯೆ, ತಾರೀಖು ಕೊಡಿ, ನಿಲ್ಲುತ್ತೋ ಇಲ್ಲವೋ ಅವರು ನೋಡಿಕೊಳ್ತಾರೆ. ಬೇಕಾದ್ರೆ ಒಂದು ಮಾತು ಸೇರಿಸಿ, 16ಕ್ಕಿಂತ ಮೊದಲು ಬೇಕಿದ್ದರೆ ಎಷ್ಟು ಬೇಕು ತಿಳಿಸಿ ಅಂತ. 180ರಲ್ಲಿ ಮೊದಲು ಆದ 60, 70 ಬೇರೆ ಗಾಡಿಯಲ್ಲಿ ಕಳಿಸಬಹುದಲ್ಲ.

---

ತಿಳಕವಾಡಿ_ಕಾಕಾ

ಲಿಂಗರಾಜ ಹೇಳಿದ್ದು ನನ್ನದಕ್ಕಿಂತ ಸರಿ. ನಾನು ಲೆಕ್ಕ ಹಾಕಿದ್ದು ಹುಡುಗನ ಭಯ ಇಳಿಸೋಕೆ, ಮೇಲ್‌ಗೆ ಹಾಕೋಕೆ ಅಲ್ಲ.

---

ಥೀಸಿಸ್_ಇನ್ನೂ_ಮುಗಿದಿಲ್ಲ · ಬಾಗಲಕೋಟೆ

ಆದರೆ 14ಕ್ಕೆ ಆಗಬಹುದು ಅಂತ ಗೊತ್ತಿದ್ದೂ 16 ಬರೆಯೋದು ಸುಳ್ಳು ಅಲ್ವಾ?

---

ಲಿಂಗರಾಜ_ಪ್ಲಾನಿಂಗ್ · ಬೆಳಗಾವಿ

ಆಗಬಹುದು ಬೇರೆ, ಆಗುತ್ತೆ ಬೇರೆ. ಆದರೂ ನೀವು ಹೇಳೋದರಲ್ಲಿ ಅರ್ಥ ಇದೆ. ಎಲ್ಲಾ ಸಪ್ಲೈಯರ್‌ಗಳೂ ಎರಡು ದಿನ ಸೇರಿಸಿ ಹೇಳ್ತಾರೆ ಅಂತ ಗೊತ್ತಾದ ಮೇಲೆ ನಾವು ಎರಡು ದಿನ ಕಳೆದು ಕೇಳೋಕೆ ಶುರು ಮಾಡ್ತೀವಿ. ಈ ಆಟ ಮುಗಿಯೋದೇ ಇಲ್ಲ.

---

ಮುಗಳಖೋಡ_ಮಾಸ್ತರ

ಇಷ್ಟು ಹೊತ್ತಿಗೆ ಮಳೆಯಲ್ಲಿ ನಡೆದೇ ಪುಣೆ ಮುಟ್ಟಬಹುದಿತ್ತು. ಅಂದಹಾಗೆ ಬೆಳಗಾವಿಯಲ್ಲಿ ಇವತ್ತು ಮಳೆ ಹೇಗಿದೆ? ನಮ್ಮ ಕಡೆ ಮೋಡ ಅಷ್ಟೇ.

---

ಕರದಂಟು_ಪ್ರಿಯೆ · ಗೋಕಾಕ

ಜಲಪಾತ ನೋಡೋಕೆ ಬನ್ನಿ ಮಾಸ್ತರ, ಕರದಂಟು ನಾನು ಕೊಡಿಸ್ತೀನಿ.

---

ಶಾಂತಾ_ವಿಜಯಪುರ

ಕರದಂಟು ಅಂದ್ರೆ ಅಮೀನಗಡದ್ದು. (ಜಗಳ ಬೇಡ, ಸುಮ್ನೆ ಹೇಳಿದೆ.)

---

ಲೆಕ್ಕದ_ಪುಸ್ತಕ · ವಿಜಯಪುರ

ಯಾರೂ ದುಡ್ಡಿನ ಮಾತು ಎತ್ತಲಿಲ್ಲ. ಪಿಒದ ಹಿಂದಿನ ಪುಟ ಓದಿದ್ದೀರಾ? ತಡ ಆದರೆ ದಂಡ ಅಂತ ಸಾಮಾನ್ಯವಾಗಿ ಇರುತ್ತೆ. ನಾನು ಲೆಕ್ಕ ನೋಡೋ ಒಂದು ಯೂನಿಟ್‌ನಲ್ಲಿ ವಾರಕ್ಕೆ ಅರ್ಧ ಪರ್ಸೆಂಟ್, ಹೆಚ್ಚೆಂದರೆ ಐದು. 'ನಮ್ಮ ಥರ್ಮೋಸ್ಟ್ಯಾಟ್ ಕೆಟ್ಟಿತ್ತು' ಅಂತ ನಿಮ್ಮ ಕೈಯಾರೆ ಬರೆದುಕೊಟ್ಟರೆ ಆಮೇಲೆ ದಂಡ ಬಿಡಿ ಅಂತ ಕೇಳೋದು ಹೇಗೆ? ನನ್ನ ಪ್ರಕಾರ ಮಳೆ, ಕರೆಂಟ್ ಸಾಲು ಇರಲಿ. ಕೈ ಮೀರಿದ್ದು ಅಂತ ದಾಖಲೆ ಆಗುತ್ತೆ.

---

ತಿಳಕವಾಡಿ_ಕಾಕಾ

ಜುಲೈನಲ್ಲಿ ಬೆಳಗಾವಿಗೆ ಮಳೆ ಬಂತು ಅಂದ್ರೆ ಯಾರೂ ಅದನ್ನು ಕೈ ಮೀರಿದ್ದು ಅಂತ ಒಪ್ಪಲ್ಲ ಸಾಹೇಬ್ರೇ, ಪ್ರತಿ ವರ್ಷ ಬರುತ್ತೆ. ರಸ್ತೆ ಕೊಚ್ಚಿ ಹೋಗಿ ಲಾರಿ ನಿಂತಿದ್ದರೆ ಬೇರೆ ಮಾತು. ಆಗ ಅದನ್ನು ಬರೆಯಲೇಬೇಕು, ತಕ್ಷಣ ಬರೆಯಬೇಕು, ಫೋಟೋ ಸಮೇತ. ಇಲ್ಲಿ ಕಾರಣ ಹಸಿ ಕೋರ್. ಅವರ ಕ್ವಾಲಿಟಿಯವರು ಹೇಗೂ 8ಡಿ ರಿಪೋರ್ಟ್, ಅಂದ್ರೆ ತಪ್ಪು ಯಾಕಾಯ್ತು, ಹೇಗೆ ಸರಿಪಡಿಸಿದಿರಿ ಅನ್ನೋ ವರದಿ ಕೇಳ್ತಾರೆ. ಅದರಲ್ಲಿ ಮೂಲ ಕಾರಣ ಬರೆಯಲೇಬೇಕು. ಮೇಲ್‌ನಲ್ಲಿ ಮಳೆ, ರಿಪೋರ್ಟ್‌ನಲ್ಲಿ ಥರ್ಮೋಸ್ಟ್ಯಾಟ್ ಅಂದ್ರೆ ಎರಡೂ ಹೋಯ್ತು.

---

ಲೆಕ್ಕದ_ಪುಸ್ತಕ · ವಿಜಯಪುರ

ರಿಪೋರ್ಟ್ ಕೇಳಿದಾಗ ಕೊಡಿ. ಕೇಳುವ ಮೊದಲೇ ಯಾಕೆ ಬರೆದುಕೊಡಬೇಕು ಅನ್ನೋದು ನನ್ನ ಪ್ರಶ್ನೆ. ದುಡ್ಡು ಕಟ್ಟೋದು ನೀವಲ್ಲ, ಹುಡುಗ. ನಾನು ಒಪ್ಪಲ್ಲ.

---

ಉದ್ಯಮಬಾಗ್_ಹುಡುಗ

ಪಿಒ ತೆಗೆದು ನೋಡಿದೆ. ದಂಡದ ಸಾಲು ಇದೆ. ಒಂಬತ್ತು ವರ್ಷದಲ್ಲಿ ಒಮ್ಮೆಯೂ ಹಾಕಿಲ್ಲ, ಆದರೆ ಇದೆ. ಅಪ್ಪನಿಗೆ ಕೇಳಿದೆ. 'ಸುಳ್ಳು ಹೇಳಬೇಡ, ಹಾಗಂತ ಪೂರ್ತಿ ಬಿಚ್ಚಿಡಲೂ ಬೇಡ' ಅಂದರು. ಹಾಗಂದ್ರೆ ಏನು ಬರೆಯೋದು?

---

ತಿಳಕವಾಡಿ_ಕಾಕಾ

ತಂದೆಯವರು ನನಗಿಂತ ಒಳ್ಳೆ ಪರ್ಚೇಸ್ ಮ್ಯಾನೇಜರ್ ಆಗ್ತಿದ್ದರು. 'ಕೋರ್ ಸರಿಯಾಗಿ ಒಣಗಿರಲಿಲ್ಲ, ಓವನ್ ಸರಿಪಡಿಸಿದ್ದೇವೆ.' ನಿಜ, ಸಾಕಷ್ಟು, ಮುಂದೆ 8ಡಿ ಬರೆದಾಗ ಅದಕ್ಕೆ ವಿರುದ್ಧ ಆಗಲ್ಲ. ನೀನು ತೆಗೆದ ಸಾಲುಗಳನ್ನು ಎಸೆಯಬೇಡ. ಓವನ್ ಯಾವತ್ತಿಂದ ಕೆಟ್ಟಿತ್ತು, ಯಾರು ನೋಡಬೇಕಿತ್ತು, ಯಾರಿಗೆ ಗೊತ್ತಿರಲಿಲ್ಲ, ಇದೆಲ್ಲಾ 8ಡಿಗೆ ಬೇಕಾಗುತ್ತೆ. ಅದನ್ನು ಓದುವವನು ಬೇರೆ, ಅವನಿಗೆ ಪುರುಸೊತ್ತೂ ಬೇರೆ. ತೊಟ್ಟಿಲು ಮಾತ್ರ ಅಲ್ಲೂ ಬೇಡ, 'ಬದಲಿ ಆಪರೇಟರ್‌ಗೆ ತರಬೇತಿ ಇರಲಿಲ್ಲ' ಅಂತ ಬರಿ.

ಇನ್ನೊಂದು ಉಳಿದಿದೆ. 'ದಯವಿಟ್ಟು ಸಹಕರಿಸಿ.' ಏನು ಸಹಕರಿಸಬೇಕು? ಅವನು ನಿಜವಾಗಿ ಮಾಡಬೇಕಾದ್ದು ಒಂದಿದೆ. ಪಿಒದಲ್ಲಿ 500 ಒಂದೇ ಡೆಲಿವರಿ ಅಂತ ಇದ್ದು, ನೀನು 320 ಹೇರಿಕೊಂಡು ಹೋದರೆ ಕೆಲವು ಕಡೆ ಗೇಟಿನಲ್ಲೇ ಲಾರಿ ನಿಲ್ಲಿಸುತ್ತಾರೆ. ಎರಡು ಲಾಟ್ ಆಗಿ ತಗೊಳ್ಳೋಕೆ ಅವನ ಒಪ್ಪಿಗೆ ಬೇಕು. ಅದನ್ನೇ ಕೇಳು, ಯಾವಾಗಿನ ಒಳಗೆ ಬೇಕು ಅಂತಲೂ ಹೇಳು.

---

ಉದ್ಯಮಬಾಗ್_ಹುಡುಗ

ಹೌದು ಕಾಕಾ, ಒಂದೇ ಡೆಲಿವರಿ ಅಂತಲೇ ಇದೆ! ಇದು ತಲೆಗೇ ಹೊಳೆದಿರಲಿಲ್ಲ. ಈಗ ನೋಡಿ:

> ವಿಷಯ: ಪಿಒ 1187 ಪಂಪ್ ಹೌಸಿಂಗ್: 320 ಜುಲೈ 10ಕ್ಕೆ, ಉಳಿದ 180 ಜುಲೈ 16ಕ್ಕೆ, ಒಪ್ಪಿಗೆ ಬೇಕು
>
> ಸರ್, ನಮಸ್ಕಾರ.
>
> 500ರಲ್ಲಿ 320 ಹೇಳಿದಂತೆ ಜುಲೈ 10ಕ್ಕೆ ತಲುಪುತ್ತವೆ. 180 ಜುಲೈ 16ಕ್ಕೆ ತಲುಪುತ್ತವೆ. ತಡಕ್ಕೆ ಕ್ಷಮಿಸಿ.
>
> ಆ 180ರಲ್ಲಿ ಬ್ಲೋ ಹೋಲ್ ಬಂದಿದ್ದವು. ಕೋರ್ ಸರಿಯಾಗಿ ಒಣಗಿರಲಿಲ್ಲ, ಓವನ್ ಸರಿಪಡಿಸಿದ್ದೇವೆ. 320 ಅದಕ್ಕೂ ಮೊದಲಿನ ಕೋರ್‌ಗಳವು. ಎಲ್ಲವೂ ಲೀಕ್ ಟೆಸ್ಟ್ ಆಗಿವೆ.
>
> ಎರಡು ಲಾಟ್‌ಗೆ ಒಪ್ಪಿಗೆಯನ್ನು ಬುಧವಾರ ಸಂಜೆ 5ರೊಳಗೆ ತಿಳಿಸಿ, ಲಾರಿ ಗುರುವಾರ ರಾತ್ರಿ ಹೊರಡುತ್ತದೆ. 16ಕ್ಕಿಂತ ಮೊದಲು ಬೇಕಿದ್ದರೆ ಎಷ್ಟು ಎಂದು ತಿಳಿಸಿ.

---

ಲಿಂಗರಾಜ_ಪ್ಲಾನಿಂಗ್ · ಬೆಳಗಾವಿ

'ಎಲ್ಲವೂ ಲೀಕ್ ಟೆಸ್ಟ್ ಆಗಿವೆ' ಅಂತ ಹೇಗೆ ಬರೆದಿರಿ? 80 ಬಾಕಿ ಅಂತ ನೀವೇ ಮೇಲೆ ಹೇಳಿದ್ದೀರಿ. ನಾಳೆ ಟೆಸ್ಟ್‌ನಲ್ಲಿ ಐದು ಹೋದರೆ 315 ಆಗುತ್ತೆ. ಸಾಲು ಉಳಿಸೋಕೆ ಹೋಗಿ ನಿಜ ಕತ್ತರಿಸಬೇಡಿ.

---

ಉದ್ಯಮಬಾಗ್_ಹುಡುಗ

ಅಯ್ಯೋ ಹೌದು. '240 ಲೀಕ್ ಟೆಸ್ಟ್ ಆಗಿವೆ, 80 ಬುಧವಾರ ರಾತ್ರಿ ಮುಗಿಯುತ್ತವೆ, ರಿಪೋರ್ಟ್ ಲಾರಿಯ ಜೊತೆ ಬರುತ್ತದೆ' ಅಂತ ಬದಲಿಸಿದೆ. ಸ್ವಲ್ಪ ಉದ್ದ ಆಯಿತು.

---

ತಿಳಕವಾಡಿ_ಕಾಕಾ

ಆಗಲಿ. ಈ ಉದ್ದ ಅವನು ಓದುತ್ತಾನೆ.

---

ಥೀಸಿಸ್_ಇನ್ನೂ_ಮುಗಿದಿಲ್ಲ · ಬಾಗಲಕೋಟೆ

ಜಿಮೇಲ್ ಆದರೆ ಸೆಟ್ಟಿಂಗ್ಸ್‌ನಲ್ಲಿ Undo Send ಅನ್ನು 30 ಸೆಕೆಂಡ್ ಇಟ್ಟುಕೊಳ್ಳಿ. ಅಲ್ಲಿ 5 ಸೆಕೆಂಡ್ ಅಂತ ಇದ್ದರೆ ಬದಲಿಸಿ. ತಪ್ಪು ಕಣ್ಣಿಗೆ ಬೀಳೋದು ಕಳಿಸಿದ ಮೇಲೇ. ಮತ್ತೆ, ಹಳೇ ಉದ್ದದ ಡ್ರಾಫ್ಟ್ ಕೆಳಗೆ ಹಾಗೇ ಅಂಟಿಕೊಂಡಿದೆಯಾ ನೋಡಿ. ನನಗೆ ಒಮ್ಮೆ ಹಾಗಾಗಿದೆ.

---

ಮುಗಳಖೋಡ_ಮಾಸ್ತರ

'ನಮಸ್ಕಾರ' ಒಂದಾದರೂ ಉಳಿಯಿತಲ್ಲ. ಒಂಬತ್ತು ವರ್ಷದ ಸಂಬಂಧ ಮಾತ್ರ ಹೋಯಿತು.

---

ಉದ್ಯಮಬಾಗ್_ಹುಡುಗ · ಮಂಗಳವಾರ ಸಂಜೆ 6:15

ಮಧ್ಯಾಹ್ನ 1 ಗಂಟೆಗೆ ಕಳಿಸಿದೆ. ಇಪ್ಪತ್ತೇ ನಿಮಿಷಕ್ಕೆ ಉತ್ತರ ಬಂತು: 'ಎರಡು ಲಾಟ್ ಓಕೆ. 180 ಹದಿನೈದಕ್ಕೆ ಬೇಕು, 16 ಅಲ್ಲ. 8ಡಿ ಸೋಮವಾರ.' ದಂಡದ ಮಾತು ಇಲ್ಲ. ಅಂದ್ರೆ ಹಾಕಲ್ಲ ಅಂತಲೂ ಅಲ್ಲ. 15ಕ್ಕೆ ತಲುಪಬೇಕಂದ್ರೆ 14 ರಾತ್ರಿ ಹೊರಡಬೇಕು. ಅಪ್ಪ ಈಗ ಮಷಿನ್ ಶಾಪ್‌ನವರ ಜೊತೆ ಎರಡನೇ ಶಿಫ್ಟ್ ಮಾತಾಡ್ತಿದ್ದಾರೆ.

---

ಥೀಸಿಸ್_ಇನ್ನೂ_ಮುಗಿದಿಲ್ಲ · ಬಾಗಲಕೋಟೆ

ನೋಡಿದ್ರಾ, 16 ಅಂದ್ರೆ 15 ಕೇಳಿದರು. 14 ಅಂತ ಬರೆದಿದ್ದರೆ 13 ಕೇಳ್ತಿದ್ದರೇನೋ.

---

ಲೆಕ್ಕದ_ಪುಸ್ತಕ · ವಿಜಯಪುರ

ಬಿಲ್ ಪಾಸ್ ಆಗೋ ತನಕ ನಾನು ಏನೂ ಹೇಳಲ್ಲ. ಆಗ ಇಲ್ಲಿ ಬಂದು ತಿಳಿಸಿ.

---

ಉದ್ಯಮಬಾಗ್_ಹುಡುಗ

ಮಾಸ್ತರಿಗೆ ಒಂದು ಸುದ್ದಿ. ನಾನು ಮೇಲ್ ಕಳಿಸಿದ್ದು ಅಪ್ಪನಿಗೆ ಸಮಾಧಾನ ಆಗಲಿಲ್ಲ. 'ಇಷ್ಟೇನಾ ಬರೆದದ್ದು?' ಅಂತ ಮೂರು ಗಂಟೆಗೆ ತಾವೇ ಪುಣೆಗೆ ಫೋನ್ ಹಚ್ಚಿದರು. ಮಳೆ, ಕರೆಂಟ್, ಬಿಪಿ, ತೊಟ್ಟಿಲು, ಎಲ್ಲಾ ಹೇಳಿದರು, ಅರ್ಧ ಗಂಟೆ. ಆ ಕಡೆಯಿಂದ ನಗು ಕೇಳಿಸ್ತಿತ್ತು. ಲಾರಿಯಲ್ಲಿ ಒಂದು ಕಿಲೋ ಕುಂದಾ ಕಳಿಸಿ ಅಂದರಂತೆ.

---

ಕರದಂಟು_ಪ್ರಿಯೆ · ಗೋಕಾಕ

ಕೂಸಿನ ಹೆಸರು ಏನಿಟ್ಟರು ಅಂತ ಪುಣೆಯವರು ಕೇಳಿದ್ರಾ?

---

ಉದ್ಯಮಬಾಗ್_ಹುಡುಗ

ಕೇಳಿದರಂತೆ ಅಕ್ಕಾ!